ಸಂಭ್ರಮ ಅಂದರೆ ಗೊಂದಲವೇ?

ಡೊಂಬಿವಲಿಯ ನಮ್ಮ ಮನೆಗೆ ಕಳೆದ ವರ್ಷ ರಾಜ್ಯೋತ್ಸವದ ಆಮಂತ್ರಣ ಬಂದಿತ್ತು. ಕನ್ನಡ ಅಕ್ಷರ ಕಲಿಯುತ್ತಿರುವ ನಮ್ಮ ಮರಾಠಿ ಸೊಸೆ ಅದನ್ನು ಕೂಡಿಸಿ ಓದಿ, "ಆಯಿ, ಸಂಭ್ರಮಾಚರಣೆ ಅಂತ ಇದೆಯಲ್ಲ, ಗೊಂದಲವನ್ನು ಯಾರಾದರೂ ಆಚರಿಸುತ್ತಾರಾ?" ಎಂದಳು. ಮನೆಮಂದಿಯೆಲ್ಲ ನಕ್ಕೆವು. ಮರಾಠಿ ಪತ್ರಿಕೆಗಳಲ್ಲಿ 'ಸಂಭ್ರಮ್ ನಿರ್ಮಾಣ್ ಝಾಲಾ' ಎಂದರೆ ಗೊಂದಲ ಉಂಟಾಯಿತು ಎಂದೇ ಅರ್ಥ.

ಆದರೆ ಮುಂದಿನ ಶನಿವಾರ ಭಜನೆಯಲ್ಲಿ ನಗುವ ಸರದಿ ಅವಳದಾಯಿತು. ಗಜೇಂದ್ರಮೋಕ್ಷದ ಹಾಡೊಂದಕ್ಕೆ ನಾನು ಅರ್ಥ ಹೇಳುತ್ತಿದ್ದೆ. ಹರಿ ಸಂಭ್ರಮದಿಂದ ಬಂದ ಎಂಬಲ್ಲಿ, "ಸಡಗರದಿಂದ, ಸಂತೋಷದಿಂದ ಬಂದ" ಎಂದೆ. ಹತ್ತಾರು ವರ್ಷಗಳಿಂದ ಹೀಗೇ ಹೇಳಿಕೊಂಡು ಬಂದವಳು ನಾನು. "ಆನೆಯ ಕಾಲು ಮೊಸಳೆ ಬಾಯಲ್ಲಿದೆ. ದೇವರಿಗೆ ಅದೇನು ಸಂತೋಷ?" ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದು ನಿಘಂಟು ತೆಗೆದೆ. ಈ ಪದ 'ಭ್ರಮ್' ಧಾತುವಿನದು, ಅಂದರೆ ಸುತ್ತುವುದು, ತಿರುಗುವುದು. ಅಮರಕೋಶ ಸಂಭ್ರಮವನ್ನು ಸಂವೇಗದ ಜೊತೆಗೆ ಇಡುತ್ತದೆ. ಸಂಸ್ಕೃತ ನಾಟಕಗಳಲ್ಲಿ ಪಾತ್ರವೊಂದು ಗಾಬರಿಯಿಂದಲೋ ಅವಸರದಿಂದಲೋ ಮಾತಾಡುವಾಗ 'ಸಸಂಭ್ರಮಮ್' ಎಂಬ ಸೂಚನೆ ಇರುತ್ತದೆ. ಹಾಗಾಗಿ ಗಜೇಂದ್ರನ ಕೂಗಿಗೆ ಹರಿ ಬಂದದ್ದು ಸಂತೋಷದಿಂದಲ್ಲ, ನಿಂತಲ್ಲಿ ನಿಲ್ಲಲಾರದ ತಳಮಳದಿಂದ. ನಾನು ಹೇಳುತ್ತಿದ್ದ ಅರ್ಥದಲ್ಲಿ ಆ ಧಾವಂತವೇ ಕಳೆದುಹೋಗಿತ್ತು.

ಹಾಗಾದರೆ ಗಡಿಬಿಡಿ ಹಬ್ಬವಾದದ್ದು ಹೇಗೆ? ನನಗೆ ತೋಚುವುದು ಇಷ್ಟು. ಪೂಜ್ಯರು ಬಾಗಿಲಿಗೆ ಬಂದಾಗ ಮನೆಯಲ್ಲಿ ಆಗುವ ಓಡಾಟವೂ ಸಂಭ್ರಮವೇ. ಕಾಲಿಗೆ ನೀರು ತರುವವರೊಬ್ಬರು, ಮಣೆ ಹಾಕುವವರೊಬ್ಬರು. ಅದರಲ್ಲಿ ಅವಸರವೂ ಇದೆ, ಆದರವೂ ಇದೆ. ಕನ್ನಡ ಆ ಆದರ, ಉತ್ಸಾಹಗಳನ್ನು ಹಿಡಿದುಕೊಂಡು ಅವಸರವನ್ನು ಬಿಟ್ಟಿತು. ಮರಾಠಿ ತಲೆ ತಿರುಗಿದ ಸ್ಥಿತಿಯನ್ನು ಮಾತ್ರ ಉಳಿಸಿಕೊಂಡಿತು. ನಮ್ಮ 'ಸಡಗರ'ದಲ್ಲೂ ಆ ಓಡಾಟದ ನೆರಳು ಇದೆಯಲ್ಲವೇ?

ಹಾಗೆಂದು ಹಾಡಿನಲ್ಲಿ ಸಂಭ್ರಮ ಕಂಡಲ್ಲೆಲ್ಲ ಗಾಬರಿ ಎಂದು ಅರ್ಥ ಹೇಳಿದರೂ ತಪ್ಪಾದೀತು. ರಥೋತ್ಸವ, ಆರತಿ, ಕಲ್ಯಾಣದ ಹಾಡುಗಳಲ್ಲಿ ಸಡಗರದ ಅರ್ಥವೇ ಸರಿಹೊಂದುತ್ತದೆ. ಈಗ ನಾನು ಅಕ್ಕಪಕ್ಕದ ಮಾತು ನೋಡುತ್ತೇನೆ. ಓಡಿ ಬರುವುದು, ಕೂಗು, ಭಯ, ಬಿಚ್ಚಿದ ಮುಡಿ, ಅರ್ಧಕ್ಕೇ ಬಿಟ್ಟ ಕೆಲಸ ಇದ್ದರೆ ಅದು ಹಳೆಯ ಸಂಭ್ರಮ. ಕೊಳಲು ಕೇಳಿ ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು, ಒಡವೆಗಳನ್ನು ಅದಲುಬದಲಾಗಿ ತೊಟ್ಟು ಓಡಿದ ಗೋಪಿಯರದು ಎರಡೂ ಸೇರಿದ್ದು. ಅಲ್ಲಿ ಒಂದೇ ಅರ್ಥ ಹಿಡಿದರೆ ಇನ್ನೊಂದು ತಪ್ಪಿಹೋಗುತ್ತದೆ.

ಹೋದ ಶನಿವಾರ ಅದೇ ಹಾಡಿಗೆ ಮತ್ತೆ ಅರ್ಥ ಹೇಳಿದೆ. ಇಷ್ಟು ವರ್ಷ ತಪ್ಪು ಹೇಳಿದ್ದೆ ಎಂದು ಒಪ್ಪಿಕೊಂಡೇ ಶುರುಮಾಡಿದೆ. ಈ ಸಲ ಹರಿ ಬೇಗ ಬಂದ.