ಅಕ್ಟೋಬರ್ 1ರಿಂದ ಹಿಂದಕ್ಕೆ ಎಣಿಸಿ

ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಈ ಸುದ್ದಿ ಹಾಸನ, ದಾವಣಗೆರೆ, ಶಿರಸಿಯ ಮನೆಗಳಿಗೂ ತಲುಪಿದೆ. ಮಗಳು ಎಂಜಿನಿಯರಿಂಗ್ ಮುಗಿಸಿದ ಕೂಡಲೇ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ‘ಒಟ್ಟು ಎಷ್ಟಾಗುತ್ತದೆ?’ ಎಂಬುದು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ‘ಯಾವಾಗ ಎಷ್ಟು ಬೇಕು?’ ಎಂಬುದು. ಹೊರಡಲಾಗದೆ ಉಳಿದುಹೋಗುವವರಲ್ಲಿ ಎಷ್ಟೋ ಜನರ ಬಳಿ ಹಣವಿರುತ್ತದೆ, ಆದರೆ ಬೇಕಾದ ವಾರದಲ್ಲಿ ಅದು ಕೈಗೆ ಸಿಗುವುದಿಲ್ಲ.

ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಲೆಕ್ಕದಲ್ಲಿ ಶುರುವಾಗುವುದು ಅಕ್ಟೋಬರ್ 1ಕ್ಕೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ ಹಿಂದಕ್ಕೆ ಎಣಿಸುತ್ತಾ ಬರಬೇಕು. ಮನೆ ಹುಡುಕಲು, ವಿಳಾಸ ನೋಂದಾಯಿಸಲು ಸಮಯ ಬೇಕಾದ್ದರಿಂದ ಸೆಪ್ಟೆಂಬರ್ 20ರ ಹೊತ್ತಿಗೆ ಅಲ್ಲಿರಬೇಕು. ಅಂದರೆ ಸೆಪ್ಟೆಂಬರ್ ಮೊದಲ ವಾರ ವೀಸಾ ಕೈಯಲ್ಲಿರಬೇಕು. ವೀಸಾಗೆ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಹಿಡಿಯಬಹುದು. ಹನ್ನೆರಡು ವಾರ ಎಂದೇ ಇಟ್ಟುಕೊಂಡರೆ ಅರ್ಜಿ ಕೊಡಬೇಕಾದದ್ದು ಜೂನ್ 10ರೊಳಗೆ. ಅರ್ಜಿಯ ಜೊತೆಗೆ ಪ್ರವೇಶ ಪತ್ರವೂ ಬ್ಲಾಕ್ಡ್ ಅಕೌಂಟಿನ ದೃಢೀಕರಣವೂ ಇರಬೇಕು. ಹಾಗಾಗಿ ಪ್ರವೇಶ ಪತ್ರ ಮೇ ಮಧ್ಯಕ್ಕೆ ಬಂದಿರಬೇಕು.

ಅನೇಕ ಕೋರ್ಸ್‌ಗಳ ಅರ್ಜಿಗೆ ಜುಲೈ 15 ಕೊನೆಯ ದಿನ. ಅದನ್ನು ನೋಡಿ ‘ಇನ್ನೂ ಬೇಕಾದಷ್ಟು ಸಮಯವಿದೆ’ ಎಂದುಕೊಂಡರೆ ತಪ್ಪು ಹೆಜ್ಜೆ ಇಟ್ಟಂತೆಯೇ. ಜುಲೈನಲ್ಲಿ ಅರ್ಜಿ ಹಾಕಿದವರಿಗೆ ಪ್ರವೇಶ ಪತ್ರ ಆಗಸ್ಟ್‌ನಲ್ಲಿ ಬಂದರೆ ವೀಸಾಗೆ ಸಮಯವೇ ಉಳಿಯುವುದಿಲ್ಲ. ವೀಸಾ ಬೇಕಿಲ್ಲದ ಯುರೋಪಿನ ವಿದ್ಯಾರ್ಥಿಗೆ ಆ ದಿನಾಂಕ ಸಾಕು, ನಮಗೆ ಸಾಲದು. ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್‌ನಂಥ ವಿಶ್ವವಿದ್ಯಾಲಯ ಯುರೋಪಿನ ಹೊರಗಿನವರಿಗೆ ಅನೇಕ ಕೋರ್ಸ್‌ಗಳಲ್ಲಿ ಮಾರ್ಚ್ 1ರ ಗಡುವು ಇಟ್ಟಿರುವುದು ನಮಗೆ ಅನುಕೂಲವೇ. ಪಟ್ಟಿ ಮಾಡುವಾಗ ಇಂಥ ಬೇಗನೆ ತೀರ್ಮಾನ ತಿಳಿಸುವ ಕೋರ್ಸ್‌ಗಳನ್ನು ಮೇಲಿಡಿ.

ಇನ್ನೂ ಹಿಂದಕ್ಕೆ ಹೋಗೋಣ. ಹಲವು ವಿಶ್ವವಿದ್ಯಾಲಯಗಳ ಅರ್ಜಿಗಳನ್ನು ಯೂನಿ-ಅಸಿಸ್ಟ್ ಎಂಬ ಸಂಸ್ಥೆ ಮೊದಲು ಪರಿಶೀಲಿಸುತ್ತದೆ. ಅದಕ್ಕೆ ಕೆಲವು ವಾರ ಬೇಕು, ಆದ್ದರಿಂದ ಜನವರಿ ಮಧ್ಯಕ್ಕೇ ಕಳಿಸಬೇಕು. ಅದರ ಹಿಂದೆ ಎಪಿಎಸ್ ಪ್ರಮಾಣಪತ್ರವಿದೆ. ನಮ್ಮ ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಈ ಪತ್ರ ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಕಡ್ಡಾಯ. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದಾದ್ದರಿಂದ ಅಕ್ಟೋಬರ್‌ನಲ್ಲೇ ಅರ್ಜಿ ಹಾಕಬೇಕು. ಅದಕ್ಕೂ ಮೊದಲು ಟ್ರಾನ್ಸ್‌ಕ್ರಿಪ್ಟ್, ಐಇಎಲ್‌ಟಿಎಸ್, ಪಾಸ್‌ಪೋರ್ಟ್ ಸಿದ್ಧವಿರಬೇಕು. ಮುಂದಿನ ವರ್ಷದ ಅಕ್ಟೋಬರ್‌ಗೆ ಹೊರಡುವವರ ಕೆಲಸ ಈ ವರ್ಷದ ಆಗಸ್ಟ್‌ನಲ್ಲೇ ಶುರುವಾಗುತ್ತದೆ ಎಂದಾಯಿತು.

ಈಗ ಇದೇ ಕ್ಯಾಲೆಂಡರಿನ ಮೇಲೆ ಹಣವನ್ನು ಕೂರಿಸೋಣ. ಹಾಸನದ ಒಬ್ಬ ವಿದ್ಯಾರ್ಥಿನಿ ಐದು ಕಡೆ ಅರ್ಜಿ ಹಾಕುತ್ತಾಳೆ ಎಂದುಕೊಳ್ಳಿ. ಎಣಿಕೆ ಸುಲಭವಾಗಲು ಯೂರೊಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ.

ಮೊದಲ ಕಂತು ಆಗಸ್ಟ್‌ನಿಂದ ಜನವರಿಯವರೆಗಿನದು. ಐಇಎಲ್‌ಟಿಎಸ್‌ಗೆ ಸುಮಾರು 18 ಸಾವಿರ, ಎಪಿಎಸ್‌ಗೆ 18 ಸಾವಿರ. ಯೂನಿ-ಅಸಿಸ್ಟ್‌ಗೆ ಮೊದಲ ಅರ್ಜಿಗೆ 75 ಯೂರೊ, ನಂತರದ ಒಂದೊಂದಕ್ಕೂ 30 ಯೂರೊ, ಅಂದರೆ ಐದಕ್ಕೆ 19,500 ರೂಪಾಯಿ. ಟ್ರಾನ್ಸ್‌ಕ್ರಿಪ್ಟ್, ಕೊರಿಯರ್ ಸೇರಿದರೆ ಒಟ್ಟು 65 ಸಾವಿರದ ಆಸುಪಾಸು. ಸೀಟು ಸಿಗದಿದ್ದರೂ ಇದು ಹಿಂದಿರುಗಿ ಬರುವ ಹಣವಲ್ಲ, ಹಾಗಾಗಿ ಇದಕ್ಕೆ ಸಾಲ ಮಾಡಬಾರದು.

ಎರಡನೆಯ ಕಂತು ಮೇ ತಿಂಗಳಿನದು, ಎಲ್ಲಕ್ಕಿಂತ ದೊಡ್ಡದು. ಒಂದು ವರ್ಷದ ಜೀವನ ವೆಚ್ಚಕ್ಕೆಂದು 11,904 ಯೂರೊ, ಅಂದರೆ ಸುಮಾರು 11.9 ಲಕ್ಷ ರೂಪಾಯಿಯನ್ನು ಬ್ಲಾಕ್ಡ್ ಅಕೌಂಟಿಗೆ ಕಟ್ಟಬೇಕು. 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಈ ಮೊತ್ತವನ್ನು ಪರಿಷ್ಕರಿಸುತ್ತಿರುತ್ತಾರೆ, ಕಟ್ಟುವ ಮುನ್ನ ನೋಡಿಕೊಳ್ಳಿ. ಖಾತೆಯ ಶುಲ್ಕ, 75 ಯೂರೊ ವೀಸಾ ಶುಲ್ಕ, ವಿಮಾನದ ಟಿಕೆಟ್, ಚಳಿಯ ಬಟ್ಟೆ ಎಲ್ಲ ಸೇರಿ ಸೆಪ್ಟೆಂಬರ್ ಹೊತ್ತಿಗೆ ಈ ಕಂತು 13 ಲಕ್ಷ ಮುಟ್ಟುತ್ತದೆ. ಯೂರೊ ದರ 100ರಿಂದ 105ಕ್ಕೆ ಏರಿದರೆ ಬ್ಲಾಕ್ಡ್ ಅಕೌಂಟ್ ಒಂದಕ್ಕೇ 60 ಸಾವಿರ ಹೆಚ್ಚು ಬೇಕು. ಅಷ್ಟನ್ನು ಮೊದಲೇ ಬದಿಗಿಡುವುದು ಒಳ್ಳೆಯದು.

ಅನೇಕ ಮನೆಗಳು ಎಡವುವುದು ಈ ಮೇ ತಿಂಗಳಿನಲ್ಲೇ. ಆಸ್ತಿ ಅಡವಿಟ್ಟು ಶಿಕ್ಷಣ ಸಾಲ ಪಡೆಯುವುದಾದರೆ ಬ್ಯಾಂಕಿನವರು ಖಾತೆ, ಋಣಭಾರ ಪ್ರಮಾಣಪತ್ರ, ಕಂದಾಯದ ರಸೀದಿ ಕೇಳುತ್ತಾರೆ. ನಂತರ ವಕೀಲರ ಅಭಿಪ್ರಾಯ, ಆಸ್ತಿಯ ಮೌಲ್ಯಮಾಪನ ಆಗಬೇಕು. ಖಾತೆ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಆಗುವವರೆಗೆ ಫೈಲು ಕದಲುವುದಿಲ್ಲ. ಬಹುತೇಕ ಬ್ಯಾಂಕುಗಳು ಕೃಷಿ ಜಮೀನನ್ನು ಅಡಮಾನಕ್ಕೆ ಒಪ್ಪುವುದೂ ಇಲ್ಲ. ಆದ್ದರಿಂದ ಮಗಳು ಎಪಿಎಸ್‌ಗೆ ಅರ್ಜಿ ಹಾಕುವ ಅಕ್ಟೋಬರ್‌ನಲ್ಲೇ ಅಪ್ಪ ಆಸ್ತಿಯ ಕಾಗದಗಳನ್ನು ಹೊರತೆಗೆಯಬೇಕು. ಸ್ವಂತ ಹಣವಾದರೆ ಎಫ್‌ಡಿ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ನೋಡಿಕೊಳ್ಳಬೇಕು. ಒಂದು ಆರ್ಥಿಕ ವರ್ಷದಲ್ಲಿ ಒಬ್ಬರು 10 ಲಕ್ಷಕ್ಕಿಂತ ಹೆಚ್ಚು ಸ್ವಂತ ಹಣ ಕಳಿಸಿದರೆ ಮೇಲಿನ ಮೊತ್ತಕ್ಕೆ ಟಿಸಿಎಸ್ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಹಣ ಕೈಯಲ್ಲಿರುವುದಿಲ್ಲ.

ಮೂರನೆಯ ಕಂತನ್ನು ಜನ ಮರೆಯುತ್ತಾರೆ. ಬ್ಲಾಕ್ಡ್ ಅಕೌಂಟಿನಲ್ಲಿ 11.9 ಲಕ್ಷ ಇದ್ದರೂ ಅಲ್ಲಿಗೆ ಇಳಿದ ದಿನ ಅದರಲ್ಲಿ ಒಂದು ಯೂರೊವನ್ನೂ ಮುಟ್ಟಲಾಗದು. ಅಲ್ಲಿ ಚಾಲ್ತಿ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೊದಂತೆ ಬಿಡುಗಡೆಯಾಗುತ್ತದೆ. ಖಾತೆ ತೆರೆಯಲು ಸಾಮಾನ್ಯವಾಗಿ ವಿಳಾಸದ ನೋಂದಣಿ ಕೇಳುತ್ತಾರೆ, ನೋಂದಣಿಗೆ ಮನೆ ಬೇಕು, ಮನೆಗೆ ಮುಂಗಡ ಬೇಕು. ಕಾನೂನಿನ ಪ್ರಕಾರ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಇರಬಹುದು. ಮೂಲ ಬಾಡಿಗೆ 350 ಯೂರೊ ಇರುವ ಕೋಣೆಗೆ 1,050 ಯೂರೊ ಮುಂಗಡ, ಹೀಟಿಂಗ್ ಸೇರಿ ಮೊದಲ ತಿಂಗಳ ಬಾಡಿಗೆ 430, ಎರಡು ವಾರದ ಹಾಸ್ಟೆಲ್ 500, ಸೆಮಿಸ್ಟರ್ ಶುಲ್ಕ 250, ಆರೋಗ್ಯ ವಿಮೆ, ಊಟ, ಹಾಸಿಗೆ, ಪಾತ್ರೆ. ಎಲ್ಲ ಕೂಡಿದರೆ 2,800 ಯೂರೊ, ಅಂದರೆ 2.8 ಲಕ್ಷ. ಇದು ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯಾಗಿಯೇ ಇರಬೇಕು.

ಮೂರೂ ಕಂತು ಸೇರಿ ಸುಮಾರು 16.5 ಲಕ್ಷ. ಇದರಲ್ಲಿ 11.9 ಲಕ್ಷ ಮುಂದಿನ ಒಂದು ವರ್ಷ ಆಕೆಯ ಕೈಗೇ ತಿಂಗಳು ತಿಂಗಳು ಮರಳುತ್ತದೆ.

ಕ್ಯಾಲೆಂಡರಿನಲ್ಲಿ ಇನ್ನೆರಡು ದಿನಗಳನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಮೊದಲನೆಯದು ಜೂನ್ 30. ಅಂದಿಗೂ ಪ್ರವೇಶ ಪತ್ರ ಬಂದಿಲ್ಲವಾದರೆ ಏಪ್ರಿಲ್ 1ರ ಬೇಸಿಗೆ ಸೆಮಿಸ್ಟರ್‌ನತ್ತ ನೋಡಿ. ಕೋರ್ಸ್‌ಗಳು ಕಡಿಮೆ, ಆದರೆ ಎಪಿಎಸ್ ಕೈಯಲ್ಲೇ ಇರುತ್ತದೆ. ಇನ್ನೊಂದು ಪ್ರವೇಶ ಪತ್ರದಲ್ಲಿರುವ ದಾಖಲಾತಿಯ ಕೊನೆಯ ದಿನ. ವೀಸಾ ತಡವಾಗುವ ಸೂಚನೆ ಆಗಸ್ಟ್‌ನಲ್ಲೇ ಕಂಡರೆ ತಡವಾಗಿ ಸೇರಲು ಅವಕಾಶವಿದೆಯೇ ಎಂದು ವಿಶ್ವವಿದ್ಯಾಲಯಕ್ಕೆ ಆಗಲೇ ಬರೆದು ಕೇಳಿ. ಸೀಟು ತಾನಾಗಿಯೇ ಮುಂದಿನ ವರ್ಷಕ್ಕೆ ಉಳಿಯುತ್ತದೆಂದು ನಂಬಬೇಡಿ. ವೀಸಾ ಸಿಗದೇ ಹೋದರೆ ನಿರಾಕರಣೆ ಪತ್ರ ತೋರಿಸಿ ಬ್ಲಾಕ್ಡ್ ಅಕೌಂಟಿನ ಹಣ ವಾಪಸ್ ಪಡೆಯಬಹುದು, ಶುಲ್ಕ ಮತ್ತು ವಿನಿಮಯದ ನಷ್ಟ ಮಾತ್ರ ನಮ್ಮದು. ವಿಮಾನದ ಟಿಕೆಟ್ಟಿಗೆ ಈ ಮಾತು ಹೇಳುವಂತಿಲ್ಲ, ಅದನ್ನು ವೀಸಾ ಬಂದ ಮೇಲೆಯೇ ಕೊಳ್ಳಿ.