ಅಡ್ವಾನ್ಸ್ ವಾಪಸಾತಿಯೂ ವಕೀಲರ ಪೋಸ್ಟೂ

‘ಮನೆ ಖಾಲಿ ಮಾಡಿದರೂ ಓನರ್ ಅಡ್ವಾನ್ಸ್ ಕೊಡುತ್ತಿಲ್ಲವೇ? ಎಷ್ಟೋ ಬಾಡಿಗೆದಾರರಿಗೆ ಪೂರ್ತಿ ಹಣ ಕೊಡಿಸಿದ್ದೇನೆ. ಬಾಡಿಗೆ ಕಾಯ್ದೆ ನಿಮ್ಮ ಪರ ಇದೆ, ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ಇಂದೇ ಮೆಸೇಜ್ ಮಾಡಿ.’

ಬೆಂಗಳೂರಿನ ಯುವ ವಕೀಲರೊಬ್ಬರು ಫೇಸ್‌ಬುಕ್ಕಿನಲ್ಲಿ ಹೀಗೊಂದು ಪೋಸ್ಟ್ ಹಾಕಿದರು ಎಂದಿಟ್ಟುಕೊಳ್ಳಿ. ಈ ನಾಲ್ಕು ವಾಕ್ಯಗಳಲ್ಲಿ ಎರಡು ವೃತ್ತಿ ನಿಯಮವನ್ನು ಮೀರುತ್ತವೆ, ಒಂದು ಕಾನೂನನ್ನೇ ತಪ್ಪಾಗಿ ಹೇಳುತ್ತದೆ. ಉಳಿಯುವುದು ಮೊದಲಿನ ಪ್ರಶ್ನೆ ಮಾತ್ರ.

ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸಕ್ಕಾಗಿ ಜನರನ್ನು ಸೆಳೆಯುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ತಾವು ನಡೆಸಿದ ಕೇಸಿನ ಬಗ್ಗೆ ಪತ್ರಿಕೆಯಲ್ಲಿ ಬರೆಸುವುದು, ಫೋಟೊ ಹಾಕಿಸುವುದೂ ನಿಷಿದ್ಧ. ಬೋರ್ಡು ಕೂಡ ಹಿತಮಿತವಾದ ಅಳತೆಯಲ್ಲೇ ಇರಬೇಕು. 2008ರಲ್ಲಿ ವೆಬ್‌ಸೈಟಿಗೆ ಸ್ವಲ್ಪ ಸಡಿಲಿಕೆ ಸಿಕ್ಕಿತು: ಹೆಸರು, ವಿಳಾಸ, ಫೋನು, ನೋಂದಣಿ ವಿವರ, ವಿದ್ಯಾರ್ಹತೆ, ಯಾವ ಬಗೆಯ ಕೇಸು ನೋಡುತ್ತಾರೆ ಎಂಬಷ್ಟನ್ನು ಹಾಕಬಹುದು. 2025ರ ಮಾರ್ಚ್‌ನಲ್ಲಿ ಸಿನಿಮಾ ನಟರು, ಇನ್‌ಫ್ಲುಯೆನ್ಸರ್‌ಗಳ ಮೂಲಕ ಪ್ರಚಾರ ಪಡೆಯುವ ವಕೀಲರಿಗೆ ಪರಿಷತ್ತು ಎಚ್ಚರಿಕೆ ಕೊಟ್ಟಿತು. ದುರ್ನಡತೆ ಸಾಬೀತಾದರೆ ಛೀಮಾರಿಯಿಂದ ಹಿಡಿದು ಸನ್ನದು ರದ್ದಾಗುವವರೆಗೂ ಶಿಕ್ಷೆಯಿದೆ.

ಇಷ್ಟಾದರೂ ಕಾನೂನು ಏನು ಹೇಳುತ್ತದೆಂದು ಜನರಿಗೆ ತಿಳಿಸುವುದನ್ನು ಈ ನಿಯಮ ತಡೆಯುವುದಿಲ್ಲ. ಪತ್ರಿಕೆಗಳಲ್ಲಿ ವಕೀಲರ ಕಾನೂನು ಅಂಕಣಗಳನ್ನು ನಾವೆಲ್ಲ ಓದಿದವರೇ. ತೊಡಕಿರುವುದು ‘ಪರೋಕ್ಷವಾಗಿ’ ಎಂಬಲ್ಲಿ. ನನ್ನ ಮಟ್ಟಿಗೆ ಪರೀಕ್ಷೆ ಸುಲಭ: ಪೋಸ್ಟಿನಿಂದ ವಕೀಲರನ್ನೇ ತೆಗೆದುಹಾಕಿ ಓದಿ. ಆಗಲೂ ಬಾಡಿಗೆದಾರನಿಗೆ ಉಪಯೋಗಕ್ಕೆ ಬರುವ ಮಾತು ಉಳಿದರೆ ಅದು ಮಾಹಿತಿ, ಏನೂ ಉಳಿಯದಿದ್ದರೆ ಜಾಹೀರಾತು. ನಮ್ಮ ಪೋಸ್ಟಿನ ಎರಡನೆಯ ಮತ್ತು ನಾಲ್ಕನೆಯ ವಾಕ್ಯಗಳು ಇಲ್ಲೇ ಬಿದ್ದುಹೋಗುತ್ತವೆ.

ಇನ್ನು ಮೂರನೆಯದು. ಬಾಡಿಗೆ ಹಕ್ಕಿನ ಬಗ್ಗೆ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಅಲ್ಲಿ ಒಂದು ಕೋಣೆ ಸಿಗುವುದೂ ಕಷ್ಟ. ಎರಡು ತಿಂಗಳ ಮಿತಿ ಬಂದದ್ದು 2021ರ ಕೇಂದ್ರದ ಮಾದರಿ ಕಾಯ್ದೆಯಿಂದ. ರಾಜ್ಯವು ಅದರಂತೆ ತನ್ನದೇ ಕಾನೂನು ಮಾಡುವ ತನಕ ಅದು ಬರೀ ಮಾದರಿ. ಹಾಗಾಗಿ ಹೆಚ್ಚಿನ ಮನೆಗಳ ವ್ಯಾಜ್ಯ ನಿಲ್ಲುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಕೈಯಲ್ಲಿರುವ ಅಗ್ರಿಮೆಂಟಿನ ಮೇಲೆ.

ಒಂದು ಲೆಕ್ಕ ನೋಡೋಣ. ಬಾಡಿಗೆ 20,000, ಅಡ್ವಾನ್ಸ್ ಎರಡು ಲಕ್ಷ. ಖಾಲಿ ಮಾಡಿದಾಗ ಓನರ್ ಪೇಂಟಿಂಗಿಗೆಂದು 20,000, ‘ರಿಪೇರಿ’ಗೆಂದು 35,000 ಹಿಡಿದುಕೊಂಡು 1,45,000 ಕೊಟ್ಟರು. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜವಾದ ಸವೆತ ಅವನ ತಲೆಗೆ ಬರುವುದಿಲ್ಲ. ಮಾಸಿದ ಗೋಡೆ, ಸೋರುವ ಹಳೆಯ ನಲ್ಲಿ ಸವೆತ. ಒಡೆದ ವಾಷ್‌ಬೇಸಿನ್ ಹಾನಿ. ಇದರ ಹಿಂದೆಯೇ ಇನ್ನೊಂದು ಮಾತಿದೆ: ಅಗ್ರಿಮೆಂಟಿನಲ್ಲಿ ಬೇರೆ ಒಪ್ಪಂದವಿದ್ದರೆ ಅದೇ ನಡೆಯುತ್ತದೆ. ‘ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ’ ಎಂದು ಬರೆದು ಇಬ್ಬರೂ ಸಹಿ ಹಾಕಿದ್ದರೆ ಆ 20,000 ವಾಪಸ್ ಕೇಳುವುದು ಕಷ್ಟ. ಜಗಳ ಮಾಡಬೇಕಾದದ್ದು 35,000ಕ್ಕೆ. ಯಾವ ರಿಪೇರಿ, ಬಿಲ್ ಎಲ್ಲಿ ಎಂದು ಬರವಣಿಗೆಯಲ್ಲಿ ಕೇಳಬೇಕು. ಮನೆಗೆ ಬಂದ ದಿನ ತೆಗೆದ ಫೋಟೊ ಇದ್ದರೆ ಬಲ ಹೆಚ್ಚು. ಉತ್ತರ ಬಾರದಿದ್ದರೆ ಲಾಯರ್ ನೋಟಿಸ್, ಆಮೇಲೆ ಸಿವಿಲ್ ದಾವೆ. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು.

ಯುವ ವಕೀಲರು ಹಾಕಬೇಕಾದ ಪೋಸ್ಟು ಈ ಲೆಕ್ಕವೇ. ಪೂರ್ತಿ ಹಣ ಸಿಗುತ್ತದೆಂಬ ಆಸೆ ಅದರಲ್ಲಿಲ್ಲ, ಓನರಿಗೂ ಒಂದಷ್ಟು ಹಕ್ಕಿದೆ ಎಂಬುದಿದೆ. ಅಂಥ ಪೋಸ್ಟಿಗೆ ಲೈಕು ಕಡಿಮೆ ಬರಬಹುದು, ಇರಲಿ.

ಪೋಸ್ಟ್ ಹಾಕಿದ ಮೇಲೂ ಒಂದು ಅಪಾಯವಿದೆ. ‘ಸಾರ್, ನಮ್ಮ ಓನರ್ 40,000 ಹಿಡಿದಿದ್ದಾರೆ, ಸಿಗುತ್ತಾ?’ ಎಂದು ಯಾರೋ ಕೇಳುತ್ತಾರೆ. ಅಗ್ರಿಮೆಂಟ್ ನೋಡದೆ ‘ಸಿಗುತ್ತೆ’ ಎನ್ನುವುದು ತಪ್ಪು ಸಲಹೆ. ‘ನನ್ನ ಆಫೀಸಿಗೆ ಬನ್ನಿ’ ಎಂದರೆ ಮತ್ತೆ 36ನೇ ನಿಯಮ. ‘ಅಗ್ರಿಮೆಂಟಿನಲ್ಲಿ ಪೇಂಟಿಂಗ್, ರಿಪೇರಿ ಬಗ್ಗೆ ಏನು ಬರೆದಿದೆ ನೋಡಿ, ಬಿಲ್ ಕೇಳಿ, ನಿಮಗೆ ಗೊತ್ತಿರುವ ಯಾವುದಾದರೂ ವಕೀಲರಿಗೆ ಅಗ್ರಿಮೆಂಟ್ ತೋರಿಸಿ. ಫೀಸು ಕೊಡಲು ಆಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ’ ಎಂದು ಬರೆದರೆ ಸಾಕು.