ಸಿಂಕಿಂಗ್ ಫಂಡ್: ಪುಸ್ತಕದಲ್ಲಿರುವ ಹಣ ಬ್ಯಾಂಕಿನಲ್ಲಿದೆಯೇ?

ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ವಾರ್ಷಿಕ ಲೆಕ್ಕಪತ್ರದಲ್ಲಿ ಹೆಚ್ಚಿನವರು ಆದಾಯ-ವೆಚ್ಚದ ಪುಟವನ್ನಷ್ಟೇ ನೋಡುತ್ತಾರೆ. ಮೊದಲು ನೋಡಬೇಕಾದದ್ದು ಬ್ಯಾಲೆನ್ಸ್ ಶೀಟ್. ಅದರ ಒಂದು ಬದಿಯಲ್ಲಿ ಸಿಂಕಿಂಗ್ ಫಂಡ್ ಎಂದು ಬರೆದ ಮೊತ್ತಕ್ಕೆ ಸರಿಸಮನಾದ ಠೇವಣಿ ಇನ್ನೊಂದು ಬದಿಯಲ್ಲಿರಬೇಕು.

50 ಮನೆಗಳ, 12 ವರ್ಷ ಹಳೆಯ ಕಟ್ಟಡವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪುಸ್ತಕದಲ್ಲಿ ನಿಧಿ 24 ಲಕ್ಷ ರೂಪಾಯಿ, ಬ್ಯಾಂಕ್ ಠೇವಣಿ 15 ಲಕ್ಷ. ಉಳಿದ 9 ಲಕ್ಷದ ಸುಳಿವು ಸಾಮಾನ್ಯವಾಗಿ ಬಾಕಿದಾರರ ಪಟ್ಟಿಯಲ್ಲಿ ಸಿಗುತ್ತದೆ: ಕೆಲವರು ನಿರ್ವಹಣಾ ಶುಲ್ಕ ಕಟ್ಟಿಲ್ಲ, ಟ್ಯಾಂಕರ್ ನೀರು, ಸೆಕ್ಯುರಿಟಿ ಸಂಬಳಕ್ಕೆ ನಿಧಿಯ ಹಣ ಹೋಗಿದೆ. ಲೆಕ್ಕದಲ್ಲಿ ಬರಬೇಕಾದ ಶುಲ್ಕವೂ ಆದಾಯವೇ ಆದ್ದರಿಂದ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಠೇವಣಿಯ ಮೂಲ ರಸೀದಿಯನ್ನೂ ಮಾರ್ಚ್ 31ರ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಕೇಳಿ ನೋಡುವ ಹಕ್ಕನ್ನು ಸದಸ್ಯರು ಬಿಟ್ಟುಕೊಡಬಾರದು.

ಇನ್ನು, ನಿಧಿ ಸಾಕೇ? ಲಿಫ್ಟ್‌ಗಳ ಬದಲಾವಣೆಗೆ ಇಂದಿನ ಕೊಟೇಶನ್ 30 ಲಕ್ಷ, ಬಾಳಿಕೆ 20 ವರ್ಷ ಎಂದಾದರೆ 12 ವರ್ಷಕ್ಕೆ 18 ಲಕ್ಷ ಕೂಡಿರಬೇಕು. ಆರು ವರ್ಷಕ್ಕೊಮ್ಮೆ ಹೊರಗೋಡೆಗೆ ಬಣ್ಣ, ಖರ್ಚು 12 ಲಕ್ಷ. ಬಳಿದು ನಾಲ್ಕು ವರ್ಷವಾಗಿದ್ದರೆ 8 ಲಕ್ಷ. ಒಟ್ಟು 26 ಲಕ್ಷ ಬೇಕಾದಲ್ಲಿ ಇರುವುದು 15. ಪ್ರತಿ ಮನೆಯ ಕೊರತೆ 22,000 ರೂಪಾಯಿ. ಇದಲ್ಲದೆ ಮುಂದಿನ ಪಾಲಾಗಿ ತಿಂಗಳಿಗೆ ಮನೆಯೊಂದಕ್ಕೆ ಸುಮಾರು 583 ರೂಪಾಯಿ ಸೇರುತ್ತಿರಬೇಕು. ಜನರೇಟರ್, ಪಂಪು, ಟೆರೇಸಿನ ವಾಟರ್‌ಪ್ರೂಫಿಂಗ್ ಸೇರಿದರೆ ಮೊತ್ತ ಇನ್ನೂ ಏರುತ್ತದೆ. ಬೆಲೆಗಳು ನಿಲ್ಲುವುದಿಲ್ಲವಾದ್ದರಿಂದ ಹೊಸ ಕೊಟೇಶನ್ ಹಿಡಿದು ಈ ಲೆಕ್ಕವನ್ನು ಪ್ರತಿ ವಾರ್ಷಿಕ ಸಭೆಗೆ ಮುನ್ನ ಮತ್ತೆ ಹಾಕಬೇಕು.